ಸಿರಿಂಜ್ ಪಂಪ್ ಸಾಫ್ಟ್‌ವೇರ್‌ಗೆ ವಾಟರ್‌ಫಾಲ್ ಒಳ್ಳೆಯದೋ, ಅಜೈಲ್ ಒಳ್ಳೆಯದೋ?

ಐಸಿಯುನಲ್ಲಿ ರೋಗಿಯ ಪಕ್ಕ ನಿಂತು ಔಷಧಿಯನ್ನು ನಿಧಾನವಾಗಿ ತಳ್ಳುವ ಸಿರಿಂಜ್ ಪಂಪ್ ನೋಡಿರುತ್ತೀರಿ. ಅದರೊಳಗಿನ ಸಾಫ್ಟ್‌ವೇರ್ ಬರೆಯುವ ಬೆಂಗಳೂರಿನ ತಂಡವೊಂದರಲ್ಲಿ ನಾನಿದ್ದೇನೆ. ಒಂದು ಪಂಪನ್ನು ವಾಟರ್‌ಫಾಲ್‌ನಲ್ಲಿ ಮಾಡಿದೆವು, ಅಂದರೆ ಎಲ್ಲವನ್ನೂ ಮೊದಲೇ ಬರೆದಿಟ್ಟು ಒಂದಾದ ಮೇಲೊಂದು ಹಂತವಾಗಿ. ಮುಂದಿನದನ್ನು ಅಜೈಲ್‌ನಲ್ಲಿ, ಅಂದರೆ ಸ್ಪ್ರಿಂಟ್ ಎಂಬ ಚಿಕ್ಕ ಚಿಕ್ಕ ಸುತ್ತುಗಳಲ್ಲಿ ಮಾಡಿ, ನೋಡಿ, ತಿದ್ದುತ್ತಾ. ಕೊನೆಗೆ ಕೊಡಬೇಕಾದ ದಾಖಲೆಗಳಲ್ಲಿ ಮಾತ್ರ ಏನೂ ವ್ಯತ್ಯಾಸವಿಲ್ಲ: ರಿಕ್ವೈರ್‌ಮೆಂಟ್, ವಿನ್ಯಾಸ, ಅಪಾಯಗಳನ್ನು ದಾಖಲಿಸುವ ರಿಸ್ಕ್ ಫೈಲ್, ಟೆಸ್ಟ್ ವರದಿ, ಇವೆಲ್ಲವನ್ನೂ ಒಂದಕ್ಕೊಂದು ಜೋಡಿಸುವ ಟ್ರೇಸ್ ಮ್ಯಾಟ್ರಿಕ್ಸ್.

ಇಷ್ಟು ದಾಖಲೆ ಕೇಳುತ್ತಾರೆ ಅಂದಮೇಲೆ ವಾಟರ್‌ಫಾಲ್ ಕಡ್ಡಾಯ ಎಂದು ತುಂಬ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ವೈದ್ಯಕೀಯ ಸಾಫ್ಟ್‌ವೇರ್‌ನ ಮಾನದಂಡವಾದ ಐಇಸಿ 62304 ಯಾವ ವಿಧಾನವನ್ನೂ ಹೇರುವುದಿಲ್ಲ. ಅಜೈಲ್ ಅನ್ನು ಇದಕ್ಕೆ ಹೊಂದಿಸುವುದು ಹೇಗೆಂದು 2012ರಲ್ಲೇ ಟಿಐಆರ್45 ಎಂಬ ಮಾರ್ಗದರ್ಶಿ ಬಂತು. ಅಮೆರಿಕದ ಎಫ್‌ಡಿಎ ಕೂಡ ಅದನ್ನು ಒಪ್ಪಿಕೊಂಡಿದೆ.

ಎರಡೂ ವಿಧಾನಗಳ ನಿಜವಾದ ವ್ಯತ್ಯಾಸ ಕಂಡಿದ್ದು ಒಂದೇ ಒಂದು ಅಲಾರಂನಲ್ಲಿ. ಟ್ಯೂಬ್ ಮಡಚಿಕೊಂಡು ಔಷಧಿ ಹರಿಯದಿದ್ದರೆ ಪಂಪ್ ಕೂಗಬೇಕು. ವಾಟರ್‌ಫಾಲ್ ಯೋಜನೆಯ ರಿಕ್ವೈರ್‌ಮೆಂಟ್‌ನಲ್ಲಿ 'ಟ್ಯೂಬ್ ಕಟ್ಟಿದ 30 ಸೆಕೆಂಡಿನೊಳಗೆ ಅಲಾರಂ' ಎಂದು ಬರೆದು ಸಹಿ ಹಾಕಿ ಆಗಿತ್ತು. ಓದಲು ಚೆನ್ನಾಗಿದೆ, ಅಲ್ವಾ? ಆದರೆ ಭೌತಶಾಸ್ತ್ರ ಸಹಿಗೆ ಬಗ್ಗುವುದಿಲ್ಲ. ಅಲಾರಂ ಮಿತಿಯ ಒತ್ತಡ ಬರುವ ಹೊತ್ತಿಗೆ ಸಿರಿಂಜ್ ಮತ್ತು ಟ್ಯೂಬ್ ಹಿಗ್ಗಿ 0.5 ಮಿ.ಲೀ. ನುಂಗುತ್ತವೆ ಎಂದುಕೊಳ್ಳಿ. ಗಂಟೆಗೆ 100 ಮಿ.ಲೀ. ವೇಗದಲ್ಲಿ ಅಷ್ಟು ತುಂಬಲು 18 ಸೆಕೆಂಡು ಸಾಕು. ಗಂಟೆಗೆ 1 ಮಿ.ಲೀ. ವೇಗದಲ್ಲಿ ಅರ್ಧ ಗಂಟೆ ಬೇಕು! ನವಜಾತ ಶಿಶುಗಳಿಗೆ ಔಷಧಿ ಹೋಗುವುದು ಇಂಥ ಕಡಿಮೆ ವೇಗದಲ್ಲೇ.

ಇದು ಹೊರಬಿದ್ದದ್ದು ಕೊನೆಯ ಟೆಸ್ಟಿಂಗ್ ಹಂತದಲ್ಲಿ. ಕೋಡ್ ಬದಲಾವಣೆ ದೊಡ್ಡದೇನಲ್ಲ: ಒತ್ತಡದ ಮಿತಿ ಇಳಿಸುವುದು, ಒತ್ತಡ ಏರುವ ವೇಗವನ್ನೂ ಗಮನಿಸುವುದು. ಆದರೆ ಮಿತಿ ಇಳಿಸಿದರೆ ಸುಮ್ನೆ ಸುಮ್ನೆ ಕೂಗುವ ಅಲಾರಂ ಜಾಸ್ತಿಯಾಗುತ್ತದೆ. ಅದೂ ರಿಸ್ಕ್ ಫೈಲ್‌ಗೆ ಹೋಗಬೇಕು. ರಿಕ್ವೈರ್‌ಮೆಂಟ್ ತಿದ್ದಬೇಕು, ವೇಗಕ್ಕೆ ತಕ್ಕ ಅಲಾರಂ ಸಮಯವನ್ನು ಬಳಕೆದಾರರ ಕೈಪಿಡಿಯಲ್ಲಿ ಕೊಡಬೇಕು, ಟೆಸ್ಟ್ ವಿಧಾನ ಬದಲಿಸಿ ಮತ್ತೆ ಸಹಿ ಮಾಡಿಸಬೇಕು. ಕೋಡ್‌ಗೆ ಹಿಡಿದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಮಯ ಕಾಗದಕ್ಕೆ ಹಿಡಿಯಿತು.

ಅಜೈಲ್ ಯೋಜನೆಯಲ್ಲಿ ಇದೇ ಅಲಾರಂ ಅನ್ನು ಆರಂಭದ ಸ್ಪ್ರಿಂಟ್‌ಗಳಲ್ಲೇ ನಿಜವಾದ ಸಿರಿಂಜ್, ನಿಜವಾದ ಟ್ಯೂಬ್ ಇಟ್ಟು ನೋಡಿದೆವು. ಕಂಪನಿಯಿಂದ ಕಂಪನಿಗೆ ಸಿರಿಂಜ್ ಹಿಗ್ಗುವುದು ಬೇರೆ ಎನ್ನುವುದು ಆಗಲೇ ತಿಳಿಯಿತು. ಸಂಖ್ಯೆ ನೋಡಿಕೊಂಡು ಆಮೇಲೆ ರಿಕ್ವೈರ್‌ಮೆಂಟ್ ಬರೆದೆವು. ಈ ಒಂದು ಲಾಭಕ್ಕೇ ನಾನು ಅಜೈಲ್ ಕಡೆ ವಾಲುತ್ತೇನೆ.

ಅಲ್ಲಿನ ತಲೆನೋವೇ ಬೇರೆ. 'ನರ್ಸ್ ಆಗಿ ನನಗೆ ಅಲಾರಂ ಬೇಗ ಕೇಳಬೇಕು' ಎಂಬ ಯೂಸರ್ ಸ್ಟೋರಿಯನ್ನು ರಿಕ್ವೈರ್‌ಮೆಂಟ್ ಎಂದು ಆಡಿಟರ್ ಒಪ್ಪುವುದಿಲ್ಲ. ಬೇಗ ಅಂದರೆ ಎಷ್ಟು, ಯಾವ ವೇಗದಲ್ಲಿ? ಅದೂ ಅಲ್ಲದೆ, ಸ್ಟೋರಿ ಮುಗಿದ ಮೇಲೆ ಬೋರ್ಡಿನಿಂದ ಇಳಿದುಹೋಗುತ್ತದೆ. ರಿಕ್ವೈರ್‌ಮೆಂಟ್ ಪಂಪ್ ಮಾರುಕಟ್ಟೆಯಲ್ಲಿ ಇರುವಷ್ಟು ಕಾಲ ಬದುಕಿರಬೇಕು. ಹಾಗಾಗಿ ಎರಡನ್ನೂ ಬೇರೆ ಇಟ್ಟು, ಟ್ರೇಸ್ ಜೋಡಿಸಿ ರಿಸ್ಕ್ ಫೈಲ್ ನೋಡದ ಹೊರತು ಸ್ಟೋರಿ ಮುಗಿದಂತಲ್ಲ ಎಂಬ ನಿಯಮ ಬಂತು. ಸ್ಪ್ರಿಂಟ್‌ನಲ್ಲಿ ಮುಗಿಯುವ ಸ್ಟೋರಿಗಳು ಕಡಿಮೆಯಾದವು. ಮ್ಯಾನೇಜರ್‌ಗಳಿಗೆ ಅದು ಹಿಡಿಸಲಿಲ್ಲ.

ಇನ್ನೊಂದು ವಿಷಯ: ಆರಂಭದ ಸ್ಪ್ರಿಂಟ್‌ನಲ್ಲಿ ಪಾಸಾದ ಟೆಸ್ಟ್ ಕೊನೆಯ ಬಿಲ್ಡ್‌ಗೆ ತಾನಾಗಿ ಸಾಕ್ಷಿಯಾಗುವುದಿಲ್ಲ. ನಡುವೆ ಕೋಡ್ ಬದಲಾಗಿರುತ್ತದೆ. ಅದಕ್ಕೇ ಕೊನೆಯಲ್ಲಿ ಕೋಡ್ ಬದಲಿಸುವುದನ್ನು ನಿಲ್ಲಿಸಿ, ಬಿಡುಗಡೆಯಾಗುವ ಬಿಲ್ಡ್ ಮೇಲೆ ಪೂರ್ತಿ ಟೆಸ್ಟಿಂಗ್ ಮಾಡಿದೆವು. ಅಷ್ಟು ಭಾಗ ಶುದ್ಧ ವಾಟರ್‌ಫಾಲ್! ಸ್ಪ್ರಿಂಟ್ ಕೊನೆಯ ಡೆಮೊವನ್ನೂ ಡಿಸೈನ್ ರಿವ್ಯೂ ಎಂದು ತೋರಿಸಲಿಲ್ಲ. ಆ ಹಂತದ ವಿನ್ಯಾಸಕ್ಕೆ ನೇರ ಸಂಬಂಧವಿಲ್ಲದ ಒಬ್ಬರನ್ನು ಕೂರಿಸಿಕೊಂಡು, ದಾಖಲೆ ಸಮೇತ ಅದನ್ನು ಬೇರೆಯೇ ಮಾಡಿದೆವು.

ಈಗ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ರಿಕ್ವೈರ್‌ಮೆಂಟ್‌ನಲ್ಲಿರುವ ಸಂಖ್ಯೆಗಳನ್ನು ಯಾರಾದರೂ ಅಳೆದಿದ್ದಾರಾ ಎಂದು. ಹೊಸ ಹಾರ್ಡ್‌ವೇರ್, ಅಂದಾಜಿನ ಸಂಖ್ಯೆ ಆದರೆ ಅಜೈಲ್. ಈಗಾಗಲೇ ಮಾರಾಟದಲ್ಲಿರುವ ಪಂಪ್‌ಗೆ ಹೊಸ ಭಾಷೆ ಸೇರಿಸುವುದೋ, ಹಳತಾದ ಡಿಸ್‌ಪ್ಲೇ ಚಿಪ್ ಬದಲಿಸುವುದೋ ಆದರೆ ವಾಟರ್‌ಫಾಲ್ ಸಾಕು. ಅಲ್ಲಿ ಸ್ಪ್ರಿಂಟ್ ನಡೆಸಿದರೆ ಮೀಟಿಂಗ್ ಜಾಸ್ತಿಯಾಗುತ್ತದೆಯೇ ಹೊರತು ಹೊಸದೇನೂ ತಿಳಿಯುವುದಿಲ್ಲ.