ಗೆರೆ, ಗ್ರೇನ್, ಮಸುಕು: ಒಂದೇ ಜಾಗಕ್ಕೆ ಮೂರು ಲುಕ್ ಹಾಕಿ ನೋಡಿದ್ದು

ಎಂಟು ನಿಮಿಷದ ಕಿರುಚಿತ್ರ. ಮೈಸೂರಿನ ಚಿಕ್ಕ ಗಡಿಯಾರದ ಹತ್ತಿರ ರಾತ್ರಿ ಹನ್ನೊಂದರ ಮೇಲೆ ಒಬ್ಬಳು ಟೀ ಕುಡಿಯುತ್ತಾ ನಿಂತಿದ್ದಾಳೆ, ಯಾರೋ ಸ್ಕೂಟರಿನಲ್ಲಿ ಬರಬೇಕು, ಬರುವುದಿಲ್ಲ. ಕಥೆ ಇಷ್ಟೇ. ಕ್ಯಾಮೆರಾ ನನ್ನದು, ನಿರ್ದೇಶನ ಗೆಳೆಯನದು. "ಲುಕ್ ಹೇಗಿರಬೇಕು?" ಎಂದು ಕೇಳಿದ್ದಕ್ಕೆ ಅವನು ಮೊದಲ ದಿನ "ಅನಮಾರ್ಫಿಕ್ ಫ್ಲೇರ್ ಬೇಕು ಗುರು" ಅಂದ. ಎರಡನೇ ದಿನ "16 ಎಂಎಂ ಗ್ರೇನ್ ಥರ", ಅಂದರೆ ಹಳೇ ಫಿಲ್ಮಿನ ಕಾಳುಕಾಳು ಚಿತ್ರದಂತೆ. ಮೂರನೇ ದಿನ ಮೊಬೈಲಿನಲ್ಲಿ ಒಂದು ಸಿಟಿ ವಿಡಿಯೊ ತೋರಿಸಿ, "ಓಪನಿಂಗ್ ಶಾಟ್ ಟಿಲ್ಟ್-ಶಿಫ್ಟ್ ಮಾಡೋಣ" ಅಂದ. ಜಗಳ ಬೇಡವೆಂದು ಮೂರನ್ನೂ ಅದೇ ಜಾಗದಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆವು.

ಮೊದಲು ಅನಮಾರ್ಫಿಕ್. ಬಾಡಿಗೆಗೆ ಸಿಕ್ಕಿದ್ದು 1.33 ಪಟ್ಟು ಸ್ಕ್ವೀಜ್ ಇರುವ 50 ಎಂಎಂ ಲೆನ್ಸ್. ಈ ಲೆನ್ಸಿನ ಮೂಲ ಉದ್ದೇಶ ಫ್ಲೇರ್ ಅಲ್ಲವೇ ಅಲ್ಲ. ಅಗಲವಾದ ದೃಶ್ಯವನ್ನು ಅಡ್ಡಕ್ಕೆ ಅಮುಕಿ ಮಾಮೂಲಿ ಫ್ರೇಮಿನೊಳಗೆ ತುರುಕುವುದು, ಆಮೇಲೆ ತೋರಿಸುವಾಗ ಬಿಚ್ಚಿ ಹರಡುವುದು, 1953ರಲ್ಲಿ ಸಿನೆಮಾಸ್ಕೋಪ್ ಬಂದಿದ್ದೇ ಹೀಗೆ. ಅಮುಕುವ ಕೆಲಸಕ್ಕೆ ಒಳಗೆ ಸಿಲಿಂಡರಿನ ಆಕಾರದ ಗಾಜುಗಳಿವೆ. ಜೋರು ಬೆಳಕು ಆ ಗಾಜುಗಳ ನಡುವೆ ಪ್ರತಿಫಲಿಸಿದಾಗ ಒಂದೇ ದಿಕ್ಕಿನಲ್ಲಿ ಚಾಚಿಕೊಳ್ಳುತ್ತದೆ. ಫ್ಲೇರ್ ಎಂದು ನಾವು ಇಷ್ಟಪಡುವ ಆ ಅಡ್ಡ ಗೆರೆ ಅದೇ. ಅದರ ನೀಲಿ ಬಣ್ಣ ಗಾಜಿನ ಕೋಟಿಂಗ್‌ನದು.

ಇದಕ್ಕೆ ಎದುರಾಳಿಯಾಗಿ ನಿಂತದ್ದು ಮೀನು ಹಿಡಿಯುವ ನೈಲಾನ್ ದಾರ. ನಗಬೇಡಿ. ಹಳೆಯ ಯುವಿ ಫಿಲ್ಟರಿನ ಗಾಜು ತೆಗೆದು, ಬರೀ ರಿಂಗಿಗೆ ನೀಲಿ ದಾರವನ್ನು ನಡುಮಧ್ಯೆ ಬಿಗಿಯಾಗಿ ಎಳೆದು ಟೇಪ್ ಹಾಕಿ, ಮಾಮೂಲಿ 50 ಎಂಎಂ ಲೆನ್ಸಿನ ಮುಂದೆ ತಿರುಗಿಸಿದೆ. ದಾರವೂ ಸಣ್ಣದೊಂದು ಸಿಲಿಂಡರ್ ತಾನೆ? ಬೆಳಕನ್ನು ತನಗೆ ಅಡ್ಡಲಾಗಿ ಚೆಲ್ಲುತ್ತದೆ. ಆದ್ದರಿಂದ ದಾರ ನೆಟ್ಟಗೆ ಮೇಲೆ ಕೆಳಗೆ ನಿಲ್ಲಬೇಕು, ಆಗ ಗೆರೆ ಅಡ್ಡಕ್ಕೆ ಬರುತ್ತದೆ. ಮೊದಲ ಸಲ ನಾನು ಉಲ್ಟಾ ಕಟ್ಟಿ, ಸ್ಕೂಟರಿನ ಹೆಡ್‌ಲೈಟಿನಿಂದ ಆಕಾಶಕ್ಕೆ ಧ್ವಜಸ್ತಂಭದಂತೆ ಒಂದು ನೀಲಿ ಕಂಬ ಎದ್ದಿತ್ತು. ಅಪರ್ಚರ್ f/2ರ ಆಸುಪಾಸಿನಲ್ಲಿದ್ದರೆ ದಾರ ಕಾಣುವುದಿಲ್ಲ. f/8ಕ್ಕೆ ಹೋದರೆ ಚಿತ್ರದ ನಡುವೆ ಮಬ್ಬು ಪಟ್ಟಿಯೊಂದು ಮೂಡತೊಡಗುತ್ತದೆ.

ಗೆರೆಯೊಂದನ್ನೇ ನೋಡುವುದಾದರೆ ದಾರವೇ ಗೆದ್ದಿತು. ಬಾಡಿಗೆ ಲೆನ್ಸಿನಲ್ಲಿ ಹೆಡ್‌ಲೈಟು ನೇರ ಕಣ್ಣಿಗೆ ಹೊಡೆಯುವ ಕೋನಕ್ಕೆ ಬಂದಾಗ ಮಾತ್ರ ಗೆರೆ ಎದ್ದಿತು. ಟೀ ಅಂಗಡಿಯ ಬಲ್ಬಿಗೆ ಏನೂ ಆಗಲಿಲ್ಲ. ದಾರಕ್ಕೆ ಆ ವಿವೇಚನೆಯಿಲ್ಲ. ಬೀದಿ ದೀಪ, ಬಲ್ಬು, ಎಟಿಎಂ ಬೋರ್ಡು, ಎಲ್ಲಕ್ಕೂ ಒಂದೊಂದು ಗೆರೆ ಎಳೆಯಿತು. ಹತ್ತು ಸೆಕೆಂಡು ಚೆಂದ, ಆಮೇಲೆ ಮದುವೆ ವಿಡಿಯೊ. ನಾವು ಮೊದಲು ಅದನ್ನೇ ನೋಡಿ ಖುಷಿಪಟ್ಟೆವು ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಮರುದಿನ ಬೆಳಿಗ್ಗೆ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಬೇರೆಯೇ ಕಂಡಿತು. ಫ್ಲೇರ್ ಒಂದೂ ಇಲ್ಲದ ಶಾಟ್‌ಗಳಲ್ಲಿ ಸಹ ಬಾಡಿಗೆ ಲೆನ್ಸಿನದು "ಸಿನಿಮಾ" ಅನ್ನಿಸುತ್ತಿತ್ತು, ದಾರದ್ದು ಅನ್ನಿಸುತ್ತಿರಲಿಲ್ಲ. ಕಾರಣ ಫ್ರೇಮು. 3840×2160 ಚಿತ್ರವನ್ನು ಬಿಚ್ಚಿದರೆ ಅಗಲ ಸುಮಾರು 5107 ಆಗುತ್ತದೆ, ಅಂದರೆ ಎತ್ತರದ 2.36 ಪಟ್ಟು. ಅವಳ ಮುಖವನ್ನು ಹತ್ತಿರದಿಂದ ತುಂಬಿಕೊಂಡರೂ ಪಕ್ಕದಲ್ಲಿ ಖಾಲಿ ರಸ್ತೆ ಉಳಿಯುತ್ತದೆ. ಕಾಯುವವಳ ಕಥೆಗೆ ಬೇಕಾದದ್ದು ಆ ಖಾಲಿ ಜಾಗ. ಜತೆಗೆ ಹಿಂದಿನ ಮಸುಕಾದ ದೀಪಗಳು ದುಂಡಗಿರದೆ ನಿಂತ ಮೊಟ್ಟೆಯ ಆಕಾರಕ್ಕೆ ಬರುತ್ತವೆ. 2 ಪಟ್ಟಿನ ಲೆನ್ಸಿನಲ್ಲಿ ಇದು ಎದ್ದು ಕಾಣುತ್ತದೆ, 1.33ರಲ್ಲಿ ಹುಡುಕಿದರೆ ಕಾಣುತ್ತದೆ. ದಾರದ ಫೂಟೇಜನ್ನು ಮೇಲೆ ಕೆಳಗೆ ಕತ್ತರಿಸಿ ಅದೇ ಅಳತೆಗೆ ತಂದೆ. ಆಗ ಅರ್ಧ ದಾರಿ ಬಂತು. ಕತ್ತರಿಸುತ್ತೇವೆಂದು ಗೊತ್ತಿದ್ದರೆ ಇನ್ನೆರಡು ಹೆಜ್ಜೆ ಹಿಂದೆ ನಿಂತು ತೆಗೆಯಬೇಕಿತ್ತು, ತಪ್ಪು ನನ್ನದೇ.

ಅಷ್ಟರಲ್ಲಿ ನನಗೊಂದು ಅನುಮಾನ ಶುರುವಾಯಿತು: ಲುಕ್‌ಗೆ ನಾವು ಇಡುವ ಹೆಸರು ಒಂದು, ಆ ಲುಕ್ಕನ್ನು ಹುಟ್ಟಿಸುವ ಸಂಗತಿ ಇನ್ನೊಂದು. 16 ಎಂಎಂ ಸರದಿಯಲ್ಲಿ ಅದು ಇನ್ನಷ್ಟು ಸ್ಪಷ್ಟವಾಯಿತು.

ಇನ್ನೊಬ್ಬ ಗೆಳೆಯನ ಹತ್ತಿರ ಕೀಲಿ ಕೊಟ್ಟು ಓಡಿಸುವ ಹಳೇ ಬೊಲೆಕ್ಸ್ ಫಿಲ್ಮ್ ಕ್ಯಾಮೆರಾ ಇತ್ತು. 100 ಅಡಿಯ ಒಂದು ರೋಲ್ ಕೊಡಾಕ್ 500T ಹಾಕಿದೆವು. 24 ಫ್ರೇಮಿನ ವೇಗದಲ್ಲಿ 100 ಅಡಿ ಅಂದರೆ 2 ನಿಮಿಷ 46 ಸೆಕೆಂಡು ಅಷ್ಟೇ. ಒಂದು ಸಲ ಕೀಲಿ ಕೊಟ್ಟರೆ ಅರ್ಧ ನಿಮಿಷವೂ ಓಡುವುದಿಲ್ಲ. ಪರವೂರಿನ ಲ್ಯಾಬಿಗೆ ಹೋಗಿ, ತೊಳೆದು, ಸ್ಕ್ಯಾನ್ ಆಗಿ ಕೈಗೆ ಬರಲು ಐದು ವಾರ ಹಿಡಿಯಿತು. ಆ ಐದು ವಾರದಲ್ಲಿ ನಾನು ಡಿಜಿಟಲ್ ಫೂಟೇಜಿನ ಮೇಲೆ ಗ್ರೇನ್ ಹಾಕಿ, ತೆಗೆದು, ಮತ್ತೆ ಹಾಕಿ ಸಾಕಾದೆ.

ಮೊದಲ ಪ್ರಯತ್ನದಲ್ಲಿ ಇಂಟರ್‌ನೆಟ್ಟಿನಿಂದ ಇಳಿಸಿದ ಗ್ರೇನ್ ಕ್ಲಿಪ್ಪನ್ನು ಮೇಲೆ ಹಾಸಿದೆ. ಎಂಟು ಸೆಕೆಂಡಿನ ಕ್ಲಿಪ್, ಮತ್ತೆ ಮತ್ತೆ ತಿರುಗುತ್ತದೆ. ಅದರಲ್ಲಿದ್ದ ಒಂದು ಬಿಳಿ ಚುಕ್ಕೆ ಪ್ರತಿ ಎಂಟನೇ ಸೆಕೆಂಡಿಗೆ ಅವಳ ಕಿವಿಯ ಪಕ್ಕ ಮಿನುಗುತ್ತಿತ್ತು. ಒಮ್ಮೆ ಕಂಡ ಮೇಲೆ ಬೇರೇನೂ ಕಾಣಲಿಲ್ಲ. ಎರಡನೇ ಪ್ರಯತ್ನದಲ್ಲಿ ಪ್ರತಿ ಫ್ರೇಮಿಗೂ ಹೊಸ ನಾಯ್ಸ್ ಹಾಕಿದೆ. ಆದರೆ 4ಕೆ ಚಿತ್ರದ ಮೇಲೆ ಪಿಕ್ಸೆಲ್ಲಿನಷ್ಟೇ ಸಣ್ಣ ನಾಯ್ಸ್ ಹಾಕಿದರೆ ಅದು ಫಿಲ್ಮ್ ಥರ ಕಾಣುವುದಿಲ್ಲ, ಐಎಸ್ಒ ಏರಿಸಿ ಕೆಡಿಸಿದಂತೆ ಕಾಣುತ್ತದೆ. ಕೆಳಗಿರುವ ಚಿತ್ರವೂ ವಿಪರೀತ ಹರಿತ, ಕಿಟಕಿ ಗಾಜಿನ ಮೇಲಿನ ಧೂಳಿನಂತೆ ಗ್ರೇನ್ ಬೇರೆ, ಚಿತ್ರ ಬೇರೆ.

ಫಿಲ್ಮಿನಲ್ಲಿ ಹಾಗಲ್ಲ. ಅಲ್ಲಿ ಚಿತ್ರವೇ ಗ್ರೇನಿನಿಂದ ಆದದ್ದು. 16 ಎಂಎಂ ಫ್ರೇಮಿನ ಅಗಲ ಬರೀ 10.26 ಮಿಲಿಮೀಟರ್. ಅದನ್ನು ಗೋಡೆಯಷ್ಟು ಹಿಗ್ಗಿಸಿದಾಗ ಗ್ರೇನ್ ದಪ್ಪವಾಗುತ್ತದೆ, ಅದರ ಜತೆಗೇ ಸೂಕ್ಷ್ಮ ವಿವರ ಕರಗುತ್ತದೆ. ಹಾಗಾಗಿ ಮೊದಲು ಚಿತ್ರವನ್ನು ಕುಗ್ಗಿಸಿ ಕೊಂಚ ಮೆತ್ತಗೆ ಮಾಡಿ, ಆ ಅಳತೆಯಲ್ಲಿ ನಾಯ್ಸ್ ಹಾಕಿ, ಆಮೇಲೆ ಹಿಗ್ಗಿಸಬೇಕು. ffmpeg ಎಂಬ ವಿಡಿಯೊ ತಂತ್ರಾಂಶಕ್ಕೆ ನಾನು ಕೊನೆಗೆ ಉಳಿಸಿಕೊಂಡ ಕಮಾಂಡ್ ಇದು:

```
ffmpeg -i ratri.mov -vf "scale=1920:-2,gblur=sigma=1.2,noise=c0s=12:c0f=t,scale=3840:-2" -c:v prores_ks ratri_16.mov
```

ಇಲ್ಲಿ `c0s` ಎಂದು ಬರೆದರೆ ನಾಯ್ಸ್ ಬೆಳಕಿನ ಪದರಕ್ಕೆ ಮಾತ್ರ ಬೀಳುತ್ತದೆ. ಬದಲಿಗೆ `alls` ಹಾಕಿದರೆ ಬಣ್ಣಕ್ಕೂ ಬಿದ್ದು ಕಪ್ಪು ರಸ್ತೆಯ ಮೇಲೆ ಕೆಂಪು ಹಸಿರು ಕಾಳು ಚೆಲ್ಲಿದಂತಾಗುತ್ತದೆ. `t` ಇರುವುದು ಫ್ರೇಮಿನಿಂದ ಫ್ರೇಮಿಗೆ ಬದಲಾಗಲಿ ಎಂದು.

ರೋಲ್ ಬಂದ ದಿನ ಎರಡನ್ನೂ ಪಕ್ಕಪಕ್ಕ ಹಾಕಿದೆವು. ಗ್ರೇನಿನ ಮಟ್ಟಿಗೆ ನನ್ನದು ಪರವಾಗಿಲ್ಲ ಎನ್ನುವಂತಿತ್ತು. ಸೋತದ್ದು ಟೀ ಅಂಗಡಿಯ ಬಲ್ಬಿನಲ್ಲಿ. ಡಿಜಿಟಲ್‌ನಲ್ಲಿ ಅದು ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಬಿಳಿ ಬಿಲ್ಲೆ. ಫಿಲ್ಮಿನಲ್ಲಿ ನಡುವೆ ಹಳದಿ ಬಿಳುಪು, ಅಂಚು ನಿಧಾನವಾಗಿ ಕಿತ್ತಳೆಗೆ ಇಳಿದು ಗೋಡೆಯ ಬಣ್ಣದಲ್ಲಿ ಸೇರಿಹೋಗುತ್ತದೆ. ಗೆಳೆಯ ನೋಡುತ್ತಾ ಕೂತಿದ್ದವನು, "ನಂಗೆ ಬೇಕಾಗಿದ್ದು ಇದೇ ಕಣೋ, ಈ ಬಲ್ಬು" ಅಂದ. ಗ್ರೇನಿನ ಮಾತೇ ಎತ್ತಲಿಲ್ಲ!

ಹೀಗಾಗಿ ಆ ದೃಶ್ಯವನ್ನು ಇನ್ನೊಂದು ರಾತ್ರಿ ಡಿಜಿಟಲ್‌ನಲ್ಲೇ ಮತ್ತೆ ತೆಗೆದೆವು, ಈ ಸಲ ಬಲ್ಬನ್ನು ನೋಡಿಕೊಂಡು. ಅಂಗಡಿಯವರನ್ನು ಕೇಳಿಕೊಂಡು ಕಡಿಮೆ ವಾಟ್‌ನ ಬಲ್ಬು ಹಾಕಿಸಿ, ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿ, ನೆರಳನ್ನು ಆಮೇಲೆ ಎತ್ತಿಕೊಂಡೆ. ಲೆನ್ಸಿನ ಮುಂದೆ ತೆಳುವಾದ ಡಿಫ್ಯೂಷನ್ ಫಿಲ್ಟರ್. ಗ್ರೇನ್ ಮೇಲೆ ಬರೆದ ಅರ್ಧದಷ್ಟು ಸಾಕಾಯಿತು. ಇನ್ನೊಂದು ಮಾತು: ದಪ್ಪ ಗ್ರೇನ್ ಹಾಕಿದ ಫೈಲನ್ನು ವಾಟ್ಸಾಪಿನಲ್ಲಿ ಕಳಿಸಿ ಅಭಿಪ್ರಾಯ ಕೇಳಬೇಡಿ. ಕಂಪ್ರೆಷನ್‌ಗೆ ಗ್ರೇನ್ ಎಂದರೆ ಪ್ರತಿ ಫ್ರೇಮೂ ಪೂರ್ತಿ ಹೊಸ ಚಿತ್ರ, ಅದು ಕೈಚೆಲ್ಲಿ ಎಲ್ಲವನ್ನೂ ಚೌಕ ಚೌಕ ಮಾಡಿ ಕೊಡುತ್ತದೆ.

ಟಿಲ್ಟ್-ಶಿಫ್ಟ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೊದಲಿಗೆ, ಅದು ಎರಡು ಬೇರೆ ಬೇರೆ ಚಲನೆ. ಶಿಫ್ಟ್ ಎಂದರೆ ಲೆನ್ಸನ್ನು ಪಕ್ಕಕ್ಕೋ ಮೇಲಕ್ಕೋ ಸರಿಸುವುದು, ಎತ್ತರದ ಕಟ್ಟಡ ಹಿಂದಕ್ಕೆ ವಾಲದಂತೆ ತೆಗೆಯುವವರಿಗೆ ಅದು ಬೇಕು. ಊರನ್ನು ಆಟಿಕೆಯಂತೆ ತೋರಿಸುವುದು ಟಿಲ್ಟ್ ಒಂದೇ: ಲೆನ್ಸನ್ನು ಓರೆ ಮಾಡಿ ಫೋಕಸ್ಸಿನ ಸಮತಲವನ್ನೇ ಓರೆ ಮಾಡುವುದು. ಫೋಕಸ್ ಇಷ್ಟು ಕಿರಿದಾಗಿರುವುದನ್ನು ನಾವು ನೋಡುವುದು ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ತೆಗೆದಾಗ ಮಾತ್ರ. ಕಣ್ಣು ಅದೇ ಲೆಕ್ಕ ಹಾಕಿ ಬಸ್ಸನ್ನು ಆಟಿಕೆ ಎಂದುಕೊಳ್ಳುತ್ತದೆ.

ಲಾಡ್ಜೊಂದರ ಟೆರೇಸ್ ಹತ್ತಿ, ಕಟ್ಟಡಗಳ ಫೋಟೊ ತೆಗೆಯುವವರೊಬ್ಬರಿಂದ ತಂದಿದ್ದ ಟಿಲ್ಟ್ ಲೆನ್ಸಿನಲ್ಲಿ ಒಮ್ಮೆ, ಮಾಮೂಲಿ ಲೆನ್ಸಿನಲ್ಲಿ ತೆಗೆದು ಎಡಿಟಿಂಗ್‌ನಲ್ಲಿ ಮೇಲೆ ಕೆಳಗೆ ಮಸುಕು ಮಾಡಿ ಇನ್ನೊಮ್ಮೆ ನೋಡಿದೆವು. ಎಡಿಟಿಂಗ್ ಮಸುಕಿಗೆ ದೂರ ಹತ್ತಿರ ಗೊತ್ತಿಲ್ಲ. ಗಡಿಯಾರ ಕಂಬದ ಬುಡ ಸ್ಪಷ್ಟ, ತುದಿ ಮಂಜು, ಎರಡೂ ಹೆಚ್ಚುಕಡಿಮೆ ಒಂದೇ ದೂರದಲ್ಲಿದ್ದರೂ. ಟಿಲ್ಟ್ ಲೆನ್ಸ್ ಈ ದೋಷದಿಂದ ಪೂರಾ ಮುಕ್ತವೇನಲ್ಲ, ಆದರೆ ಮಸುಕಾದ ದೀಪಗಳು ಅದರಲ್ಲಿ ಹೊಳೆಯುವ ಬಿಲ್ಲೆಗಳಾಗಿ ಉಳಿದವು, ಎಡಿಟಿಂಗ್‌ನಲ್ಲಿ ಬೂದಿಯಂತೆ ಹರಡಿದವು. ಕಂಬವನ್ನು ಫ್ರೇಮಿನಾಚೆ ಇಟ್ಟು ಹಗಲಲ್ಲಿ ತೆಗೆದರೆ ಎರಡರ ವ್ಯತ್ಯಾಸ ಹೇಳುವುದು ಕಷ್ಟವಾಯಿತು. ಮೂರನೇ ಮಹಡಿಯ ಎತ್ತರ, ನೆತ್ತಿಯ ಬಿಸಿಲು, ಸೆಕೆಂಡಿಗೆ ಆರು ಫ್ರೇಮಿನಂತೆ ತೆಗೆದು 24ರಲ್ಲಿ ಓಡಿಸುವುದು, ಈ ಮೂರು ಸೇರಿದರೆ ಮಸುಕು ಹಾಕುವ ಮೊದಲೇ ಆಟೊಗಳು ಕೀಲಿ ಗೊಂಬೆಗಳಾಗಿದ್ದವು.

ಆದರೆ ನಮ್ಮ ಕಥೆ ರಾತ್ರಿಯದು. ಊರೆಲ್ಲ ಗೊಂಬೆಯಾಗಿ ಕಂಡ ಮೇಲೆ ಅದರೊಳಗೆ ಕಾಯುತ್ತಾ ನಿಂತವಳೂ ಗೊಂಬೆಯೇ. ಗೆಳೆಯ ಆ ಶಾಟನ್ನು ಎರಡು ದಿನ ಇಟ್ಟುಕೊಂಡು ಕೊನೆಗೆ ತಾನೇ ತೆಗೆದ.

ಈಗ ಚಿತ್ರದಲ್ಲಿರುವುದು: ಬಾಡಿಗೆ ಲೆನ್ಸಿನ ಅಗಲದ ಫ್ರೇಮು, ಕಡಿಮೆ ವಾಟ್‌ನ ಬಲ್ಬು, ಹುಡುಕಿದರೆ ಕಾಣುವಷ್ಟು ಗ್ರೇನ್. ಫ್ಲೇರ್ ಒಂದೇ ಒಂದು ಸಲ ಬರುತ್ತದೆ, ಕೊನೆಯಲ್ಲಿ ಸ್ಕೂಟರೊಂದು ಬಂದು, ನಿಲ್ಲದೆ ಹೋಗುವಾಗ. ಆ ಶಾಟ್‌ಗೆ ಮಾತ್ರ ಮೀನಿನ ದಾರ ಕಟ್ಟಿದ್ದೆ.