ಬ್ಯಾಡ್ಜ್, ಸ್ಟಾರ್ ಡೆವಲಪರ್, ಕನೆಕ್ಟರ್, ಸಪೋರ್ಟ್ ಡೆಸ್ಕ್: ವಿಆರ್‌ಐಒ ಪರೀಕ್ಷೆಯಲ್ಲಿ ಉಳಿದದ್ದು ಯಾವುದು

ಹುಬ್ಬಳ್ಳಿಯಲ್ಲಿ ನಮ್ಮದು ಇಪ್ಪತ್ತು ಚಿಲ್ಲರೆ ಜನರ ಸಾಫ್ಟ್‌ವೇರ್ ಕಂಪನಿ. ಬೆಳಗಾವಿ ಕಡೆಯ ಫೌಂಡ್ರಿಗಳಿಗೆ, ಮಷೀನ್ ಶಾಪ್‌ಗಳಿಗೆ ಇಆರ್‌ಪಿ, ಅಂದರೆ ಕಂಪನಿಯ ವ್ಯವಹಾರವೆಲ್ಲ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್ ಕೂರಿಸಿಕೊಡುತ್ತೇವೆ, ಆಮೇಲೆ ವರ್ಷಗಟ್ಟಲೆ ಸಪೋರ್ಟ್ ಕೊಡುತ್ತೇವೆ. ಮುಂದಿನ ವರ್ಷದ ದುಡ್ಡು ಎಲ್ಲಿ ಹಾಕಬೇಕು ಅನ್ನೋದರಲ್ಲಿ ಪಾಲುದಾರರಿಗೆ ಒಮ್ಮತ ಇರಲಿಲ್ಲ. ಒಬ್ಬರಿಗೆ ಕ್ಲೌಡ್ ಕಂಪನಿಯ ಪಾರ್ಟ್ನರ್ ಬ್ಯಾಡ್ಜ್ ಮೇಲ್ದರ್ಜೆಗೆ ಏರಬೇಕು. ಇನ್ನೊಬ್ಬರಿಗೆ ನಮ್ಮ ಅತಿ ಚುರುಕಿನ ಡೆವಲಪರ್‌ನ ಸಂಬಳ ಏರಿಸಿ ಹಿಡಿದಿಟ್ಟುಕೊಳ್ಳಬೇಕು. ನನಗೆ ನಾವೇ ಬರೆದ ಇ-ಇನ್‌ವಾಯ್ಸ್ ಕನೆಕ್ಟರ್ ಮೇಲೆ ಕಣ್ಣು. ಸಪೋರ್ಟ್ ಡೆಸ್ಕ್ ಹೆಸರು ಪಟ್ಟಿಗೆ ಬಂದದ್ದು ಕೊನೆಗೆ, ಅದೂ ಖರ್ಚು ಕಡಿಮೆ ಮಾಡೋಣ ಅಂತ. ನಾಲ್ಕನ್ನೂ ಒಂದೇ ತಕ್ಕಡಿಗೆ ಹಾಕಿ ನೋಡಿದೆವು.

ತಕ್ಕಡಿ ಅಂದರೆ ವಿಆರ್‌ಐಒ, ಕಂಪನಿಯ ಕೈಲಿರೋದರಲ್ಲಿ ಯಾವುದು ನಿಜವಾದ ಮೇಲುಗೈ ಕೊಡುತ್ತದೆ ಅಂತ ನೋಡುವ ಪರೀಕ್ಷೆ. ಇದರ ಬೇರು ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ಜೇ ಬಾರ್ನಿ 1991ರಲ್ಲಿ ಬರೆದ ಒಂದು ಪ್ರಬಂಧದಲ್ಲಿದೆ. ಕಂಪನಿಯ ಸಜ್ಜಿನ ಬಗೆಗಿನ ಕೊನೆಯ ಪ್ರಶ್ನೆ ಆಮೇಲೆ ಸೇರಿಕೊಂಡಿತು. ಕೇಳೋದು ನಾಲ್ಕೇ: ಇದರಿಂದ ಉಪಯೋಗ ಇದೆಯಾ, ಇದು ಅಪರೂಪವಾ, ಬೇರೆಯವರು ನಕಲು ಮಾಡೋದು ಕಷ್ಟವಾ, ಇದರ ಲಾಭ ತೆಗೆದುಕೊಳ್ಳೋಕೆ ನಮ್ಮ ಕಂಪನಿ ಸಜ್ಜಾಗಿದೆಯಾ. ಮೊದಲನೆಯದಕ್ಕೇ ಇಲ್ಲ ಅಂದರೆ ಅದು ಹೊರೆ. ಉಪಯೋಗ ಮಾತ್ರ ಇದ್ದರೆ ಎಲ್ಲರ ಜತೆ ಸರಿಸಮ. ಅಪರೂಪವೂ ಆಗಿದ್ದರೆ ಸ್ವಲ್ಪ ಕಾಲದ ಮೇಲುಗೈ. ನಕಲು ಕೂಡ ಕಷ್ಟ ಇದ್ದು ಕಂಪನಿ ಸಜ್ಜಾಗಿಲ್ಲ ಅಂದರೆ ಕೈಯಲ್ಲಿದ್ದೂ ಬಳಸದ ಶಕ್ತಿ. ನಾಲ್ಕಕ್ಕೂ ಹೌದು ಅಂದರೆ ಮಾತ್ರ ಬಾಳಿಕೆ ಬರುವ ಮೇಲುಗೈ.

ಸುಮ್ನೆ ಕೂತು ಟಿಕ್ ಹಾಕಿದರೆ ಎಲ್ಲದಕ್ಕೂ ಹೌದು ಅಂತಲೇ ಬರುತ್ತದೆ, ಸ್ವಂತ ಕಂಪನಿ ಅಲ್ವಾ. ಅದಕ್ಕೆ ಪ್ರತಿ ಪ್ರಶ್ನೆಗೂ ಒಂದು ಸಾಕ್ಷಿ ಇಟ್ಟುಕೊಂಡೆವು. ಉಪಯೋಗಕ್ಕೆ, ಗೆದ್ದ ಮತ್ತು ಸೋತ ಕೊಟೇಶನ್‌ಗಳ ಫೈಲು. ಅಪರೂಪಕ್ಕೆ, ಅದೇ ಕೆಲಸಕ್ಕೆ ಕೊಟೇಶನ್ ಹಾಕಿದ ಬೇರೆಯವರ ಹತ್ತಿರ ಇದು ಇತ್ತಾ ಇಲ್ಲವಾ. ನಕಲಿಗೆ, ನಮಗಿಂತ ದುಡ್ಡಿರುವ ಪುಣೆಯ ಕಂಪನಿಯೊಂದು ಇವತ್ತು ಶುರು ಮಾಡಿದರೆ ಎಷ್ಟು ತಿಂಗಳಲ್ಲಿ ಇಲ್ಲಿಗೆ ಮುಟ್ಟುತ್ತದೆ ಅನ್ನೋ ಪ್ರಶ್ನೆ. ಸಜ್ಜಿಗೆ, ಇದು ಯಾವ ಬಿಲ್‌ನಲ್ಲಿ ಕಾಣುತ್ತದೆ, ಯಾರ ಸಂಬಳದಲ್ಲಿ ಕಾಣುತ್ತದೆ. "ನಮ್ಮ ಜನರೇ ನಮ್ಮ ಶಕ್ತಿ" ಅನ್ನೋ ಸಾಲನ್ನು ಮೊದಲೇ ಹೊಡೆದುಹಾಕಿದೆವು. ಅದನ್ನು ಪರೀಕ್ಷೆ ಮಾಡೋಕೇ ಆಗಲ್ಲ. ಯಾರು, ಯಾವ ಗ್ರಾಹಕನಿಗೆ, ಏನು ಮಾಡಿಕೊಡುತ್ತಾರೆ ಅಂತ ಒಡೆದು ಬರೆದರೆ ಮಾತ್ರ ಕೇಳೋಕೆ ಏನಾದರೂ ಸಿಗುತ್ತದೆ.

ಬ್ಯಾಡ್ಜ್ ಬೇಗ ಮುಗಿಯಿತು. ಉಪಯೋಗ ಇದೆ, ಕೆಲವು ಟೆಂಡರ್‌ಗಳಲ್ಲಿ ಅದಿಲ್ಲದೆ ಒಳಗೇ ಬಿಡಲ್ಲ. ಆದರೆ ಒಳಗೆ ಹೋದ ಮೇಲೆ ಅಲ್ಲಿದ್ದ ಎಲ್ಲರ ಹತ್ತಿರವೂ ಅದು ಇರುತ್ತದೆ. ಒಂದಿಷ್ಟು ಹುಡುಗರು ಪರೀಕ್ಷೆ ಬರೆದು ಪಾಸಾಗಿ, ಕಂಪನಿ ಇಂತಿಷ್ಟು ವ್ಯವಹಾರ ತೋರಿಸಿದರೆ ಯಾರಿಗಾದರೂ ಸಿಗುವಂಥದ್ದು. ತೊಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗುಣಮಟ್ಟ ಅಳೆಯುವ ಸಿಎಂಎಂನ ಐದನೇ ಹಂತ ಅಂದರೆ ಬೆಂಗಳೂರಿನಲ್ಲೂ ಬೆರಳೆಣಿಕೆ, ಆಮೇಲೆ ದೊಡ್ಡ ಕಂಪನಿಗಳೆಲ್ಲ ಅದನ್ನು ಪಡೆದುಕೊಂಡು ಅದು ಬರೀ ಪ್ರವೇಶ ಚೀಟಿ ಆಯಿತು. ಇದೂ ಅದೇ ದಾರಿ. ಫೀ ಕಟ್ಟೋಣ, ಅದಕ್ಕಿಂತ ಜಾಸ್ತಿ ಬೇಡ.

ಸ್ಟಾರ್ ಡೆವಲಪರ್ ವಿಷಯ ಅಷ್ಟು ಸುಲಭ ಅಲ್ಲ. ಹುಡುಗ ನಿಜಕ್ಕೂ ಚುರುಕು. ಬೇರೆಯವರು ವಾರ ಒದ್ದಾಡಿದ್ದನ್ನು ಮಧ್ಯಾಹ್ನದೊಳಗೆ ಮುಗಿಸುತ್ತಾನೆ, ಅಂಥವರು ಈ ಊರಲ್ಲಿ ಅಪರೂಪವೇ. ಮೊದಲ ಎರಡು ಪ್ರಶ್ನೆ ಪಾಸ್. ನಕಲಿನ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ, ಯಾಕಂದರೆ ಪುಣೆಯವರು ಅವನ ಕೌಶಲ ನಕಲು ಮಾಡಬೇಕಾಗಿಲ್ಲ, ಅವನನ್ನೇ ಕರೆದುಕೊಂಡು ಹೋದರೆ ಆಯಿತು. ಬಾಂಡ್ ಬರೆಸಿಕೊಳ್ಳೋಣ ಅಂದರು ಒಬ್ಬರು. ಕೆಲಸ ಬಿಟ್ಟ ಮೇಲೆ ಪೈಪೋಟಿ ಕಂಪನಿಗೆ ಸೇರಬಾರದು ಅನ್ನೋ ಷರತ್ತು ನಮ್ಮ ದೇಶದಲ್ಲಿ ನಿಲ್ಲಲ್ಲ, 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಅಂಥ ಕರಾರನ್ನೇ ಅನೂರ್ಜಿತ ಅನ್ನುತ್ತದೆ. ಗುಟ್ಟು ಕಾಪಾಡಬೇಕು ಅನ್ನೋ ಷರತ್ತು ನಿಲ್ಲಬಹುದು. ಕೌಶಲ ಗುಟ್ಟಲ್ಲವಲ್ಲ, ಅದು ತಲೆಯಲ್ಲಿ ಜತೆಗೇ ಹೋಗುತ್ತದೆ. ಇನ್ನೊಂದು ಕಹಿ ವಿಷಯ, ಅವನ ಬೆಲೆ ಅವನಿಗೂ ಗೊತ್ತು. ಅವನಿಂದ ಹುಟ್ಟುವ ಹೆಚ್ಚುವರಿ ದುಡ್ಡಿನ ದೊಡ್ಡ ಪಾಲು ಸಂಬಳವಾಗಿ ಅವನಿಗೇ ಹೋಗುತ್ತದೆ, ಹೋಗಬೇಕಾದ್ದೂ ಅದೇ. ಕಂಪನಿಯ ಮೇಲುಗೈ ಅಂತ ಕರೆಯೋಕೆ ಅದರಲ್ಲಿ ಉಳಿಯೋದು ಕಡಿಮೆ.

ಈಗ ಕನೆಕ್ಟರ್. ಇದರ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಿಎಸ್‌ಟಿ ಇ-ಇನ್‌ವಾಯ್ಸ್ 2020ರ ಅಕ್ಟೋಬರ್ 1ಕ್ಕೆ ಶುರುವಾದಾಗ 500 ಕೋಟಿ ವಹಿವಾಟು ದಾಟಿದವರಿಗೆ ಮಾತ್ರ ಕಡ್ಡಾಯ. ಆಮೇಲೆ 100 ಕೋಟಿ, 50, 20, 10, ಕೊನೆಗೆ 2023ರ ಆಗಸ್ಟ್ 1ರಿಂದ 5 ಕೋಟಿ. ಪ್ರತಿ ಸಲ ಮಿತಿ ಇಳಿದಾಗಲೂ ನಮ್ಮ ಕಡೆಯ ಒಂದಿಷ್ಟು ಫೌಂಡ್ರಿಗಳು ಒಳಗೆ ಬಂದವು. ಇಆರ್‌ಪಿಯಿಂದ ಬಿಲ್ ತೆಗೆದು ಸರ್ಕಾರದ ಪೋರ್ಟಲ್‌ಗೆ ಕಳಿಸಿ, ಐಆರ್‌ಎನ್ ಅನ್ನೋ ಬಿಲ್ ಗುರುತಿನ ನಂಬರ್ ಮತ್ತು ಕ್ಯೂಆರ್ ಕೋಡ್ ವಾಪಸ್ ತಂದು ಬಿಲ್ ಮೇಲೆ ಅಚ್ಚು ಹಾಕೋದು ಕನೆಕ್ಟರ್ ಕೆಲಸ. ಮೊದಮೊದಲು ಇದನ್ನು ಮಾಡಿಕೊಡುವವರು ಸುತ್ತಮುತ್ತ ಸಿಗುತ್ತಿರಲಿಲ್ಲ. ಉಪಯೋಗ, ಅಪರೂಪ ಎರಡೂ ಇತ್ತು. ಆದರೆ ಪೋರ್ಟಲ್‌ಗೆ ಬೇರೆ ಸಾಫ್ಟ್‌ವೇರ್ ಜೋಡಿಸುವ ಎಪಿಐನ ವಿವರ ಎಲ್ಲರಿಗೂ ತೆರೆದೇ ಇದೆ, ಲೆಕ್ಕದ ಪ್ಯಾಕೇಜ್‌ಗಳು ಒಂದೊಂದಾಗಿ ಅದನ್ನು ಒಳಗೇ ಸೇರಿಸಿಕೊಂಡವು. ಮಿತಿ 5 ಕೋಟಿಗೆ ಇಳಿಯುವ ಹೊತ್ತಿಗೆ ಗ್ರಾಹಕರು "ಅದು ಸಾಫ್ಟ್‌ವೇರ್ ಜತೆಗೇ ಬರಲ್ವಾ?" ಅಂತ ಕೇಳೋಕೆ ಶುರು ಮಾಡಿದ್ದರು. ಸ್ವಲ್ಪ ಕಾಲದ ಮೇಲುಗೈ ಅನ್ನೋದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನ್ನ ಹತ್ತಿರ ಇಲ್ಲ.

ಆ ಸ್ವಲ್ಪ ಕಾಲದಲ್ಲಾದರೂ ದುಡ್ಡು ಮಾಡಿದೆವಾ? ಇಲ್ಲಿ ನಾಲ್ಕನೇ ಪ್ರಶ್ನೆ ಬರುತ್ತದೆ. ಮೊದಲ ಗ್ರಾಹಕನಿಗೆ ಸುಮಾರು 120 ಗಂಟೆ ಹಿಡಿಯಿತು ಅಂದುಕೊಳ್ಳಿ. ಗಂಟೆಗೆ 900 ರೂಪಾಯಿಯಂತೆ 1,08,000. ಕೋಡ್ ಪಳಗಿದ ಮೇಲೆ ಅದೇ ಕೆಲಸ 25 ಗಂಟೆ, ಬಿಲ್ 22,500. ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವ ಕಂಪನಿ ತನ್ನ ಕೋಡ್ ಚೆನ್ನಾದಷ್ಟೂ ಕಡಿಮೆ ಗಳಿಸುತ್ತದೆ, ಲಾಭವೆಲ್ಲ ಗ್ರಾಹಕನಿಗೆ. ಅದೇ ಕೆಲಸಕ್ಕೆ ಒಟ್ಟು 70,000 ಅಂತ ನಿಗದಿ ಬೆಲೆ ಹೇಳಿದ್ದರೆ ಗ್ರಾಹಕನಿಗೂ ಮೊದಲಿನ 1,08,000ಕ್ಕಿಂತ ಅಗ್ಗ, ನಮಗೂ ಉಳಿಕೆ. ಇದರ ಜತೆಗೆ ಇನ್ನೊಂದು ಕೊಕ್ಕೆ ಇದೆ. ಗ್ರಾಹಕನಿಗಾಗಿ ಬರೆದ ಕೋಡೆಲ್ಲ ಗ್ರಾಹಕನದೇ ಅಂತ ಕರಾರಿನಲ್ಲಿ ಇರೋದು ಮಾಮೂಲು. ಮೊದಲೇ ನಮ್ಮ ಹತ್ತಿರ ಇದ್ದ ಕೋಡ್ ನಮ್ಮದೇ, ಅವರಿಗೆ ಬಳಸುವ ಹಕ್ಕು ಮಾತ್ರ ಅನ್ನೋ ಸಾಲು ಇಲ್ಲದಿದ್ದರೆ ಎರಡನೇ ಗ್ರಾಹಕನಿಗೆ ಅದನ್ನು ಕೊಡೋದೇ ತಕರಾರಿನ ವಿಷಯ. ಸಣ್ಣ ಕಂಪನಿಗಳು ಕನೆಕ್ಟರ್, ಲೈಬ್ರರಿ ಅಂತ ಹೆಮ್ಮೆಪಡುವ ಮೊದಲು ಈ ಎರಡು ಕಾಗದ ನೋಡಬೇಕು, ಬಿಲ್ ಮತ್ತು ಕರಾರು.

ಕೊನೆಯದು ಸಪೋರ್ಟ್ ಡೆಸ್ಕ್. ಮೂರು ಜನ, ಒಂದು ಫೋನು, ಒಂದು ವಾಟ್ಸಾಪ್ ಗುಂಪು. ನೋಡೋಕೆ ಏನೂ ಇಲ್ಲ. ಆದರೆ ಕೊಟೇಶನ್ ಫೈಲ್ ತಿರುವಿದಾಗ, ನಮಗಿಂತ ಕಡಿಮೆ ಬೆಲೆ ಬಂದರೂ ನಮ್ಮನ್ನೇ ಉಳಿಸಿಕೊಂಡ ಗ್ರಾಹಕರು ಹೇಳಿದ ಕಾರಣ ಹೆಚ್ಚುಕಮ್ಮಿ ಒಂದೇ: "ನಿಮ್ಮವರಿಗೆ ನಮ್ಮ ಫ್ಯಾಕ್ಟರಿ ಗೊತ್ತು."

ಗೊತ್ತು ಅಂದರೆ ಏನು? ಫೌಂಡ್ರಿಯಲ್ಲಿ ಕುಲುಮೆಯಿಂದ ಒಂದು ಸಲ ಕರಗಿಸಿದ ಲೋಹಕ್ಕೆ ಒಂದು ಹೀಟ್ ನಂಬರ್. ಸುರಿಯುವ ಮೊದಲು ಸ್ಯಾಂಪಲ್ ತೆಗೆದು ಸ್ಪೆಕ್ಟ್ರೋಮೀಟರ್‌ನಲ್ಲಿ ಇಂಗಾಲ, ಸಿಲಿಕಾನ್, ಮ್ಯಾಂಗನೀಸ್, ಗಂಧಕ, ರಂಜಕ ಎಷ್ಟಿದೆ ನೋಡುತ್ತಾರೆ. ವಾರಗಳ ನಂತರ ಮಷೀನ್ ಶಾಪ್‌ನಲ್ಲಿ ಎರಕ ಕೊರೆಯುವಾಗ ಗಟ್ಟಿ ಚುಕ್ಕೆ ಸಿಕ್ಕಿ ಟೂಲ್ ಮುರಿಯುತ್ತದೆ, ಮಾಲು ಕೊಂಡವರು ನಷ್ಟವನ್ನು ಫೌಂಡ್ರಿಯ ಲೆಕ್ಕಕ್ಕೆ ಹಾಕಿ ಡೆಬಿಟ್ ನೋಟ್ ಕಳಿಸುತ್ತಾರೆ. ಆಗ ಪ್ರಶ್ನೆ ಒಂದೇ: ಇದು ಯಾವ ಹೀಟ್, ಅದರ ರಸಾಯನ ಏನಿತ್ತು, ಅದೇ ಹೀಟ್‌ನ ಉಳಿದ ಎರಕಗಳು ಈಗ ಎಲ್ಲಿವೆ?

ಒಂದು ಫೌಂಡ್ರಿಯಲ್ಲಿ ರಾತ್ರಿ ಪಾಳಿಯ ಹೀಟ್‌ಗಳಿಗೆ ಮಾತ್ರ ರಿಪೋರ್ಟ್‌ನಲ್ಲಿ ರಸಾಯನ ಖಾಲಿ ಬರುತ್ತಿತ್ತು. ಹೀಟ್ ಪುಸ್ತಕದಲ್ಲಿ ರಾತ್ರಿ 2 ಗಂಟೆಗೆ ಸುರಿದದ್ದನ್ನೂ ಪಾಳಿ ಶುರುವಾದ ದಿನದ ತಾರೀಖಿಗೇ ಬರೆಯುತ್ತಾರೆ. ಸ್ಪೆಕ್ಟ್ರೋಮೀಟರ್ ಫೈಲ್‌ನಲ್ಲಿ ಮಷೀನಿನ ಗಡಿಯಾರ ನಡುರಾತ್ರಿ ದಾಟಿ ಮರುದಿನ ತೋರಿಸುತ್ತದೆ. ತಾರೀಖು ಮತ್ತು ಹೀಟ್ ನಂಬರ್ ಎರಡೂ ಹೊಂದಿದರೆ ಮಾತ್ರ ಜೋಡಿಸು ಅಂತ ಬರೆದ ಯಾವ ಸಾಫ್ಟ್‌ವೇರ್ ಆದರೂ ಇಲ್ಲಿ ಎಡವುತ್ತದೆ. ನಮ್ಮ ಡೆಸ್ಕ್‌ನ ಹಿರಿಯರೊಬ್ಬರು ಫೋನಿನಲ್ಲೇ ಕೇಳಿದ ಮೊದಲ ಮಾತು: "ಅಣ್ಣಾ, ಖಾಲಿ ಬರ್ತಿರೋದು ಬರೀ ರಾತ್ರಿ ಪಾಳಿದಾ?" ಇನ್ನೊಂದು ಫೌಂಡ್ರಿಯಲ್ಲಿ ಚಿಕ್ಕ ಎರಕಗಳ ಮೇಲೆ ಹೀಟ್ ನಂಬರ್ ಹಾಕೋಕೆ ಜಾಗವೇ ಇಲ್ಲ, ವಾರದ ಸಂಕೇತ ಮಾತ್ರ ಇರುತ್ತದೆ. ಅಲ್ಲಿ ಹುಡುಕುವ ದಾರಿಯೇ ಬೇರೆ.

ಇಂಥವು ಪ್ರತಿ ಗ್ರಾಹಕನ ಹತ್ತಿರವೂ ಇವೆ. ಪುಣೆಯವರು ದುಡ್ಡು ಹಾಕಿದರೆ ಬರುತ್ತದಾ? ಬೇಗ ಬರಲ್ಲ. ವರ್ಷಕ್ಕೆ ನಾಲ್ಕು ಸಲ ಬರುವ ತೊಂದರೆಯನ್ನು ಒಂದೇ ತಿಂಗಳಲ್ಲಿ ಕಲಿಯೋಕೆ ಆಗಲ್ಲ. ಅದು ಬರಬೇಕು, ಆಗ ನೀವು ಅಲ್ಲಿರಬೇಕು. ಒಬ್ಬರನ್ನು ಎಳೆದುಕೊಂಡರೂ ಮೂವರ ನಡುವೆ ಹಂಚಿಹೋಗಿರೋ ನೆನಪು, ಫೌಂಡ್ರಿಯ ಮೇಲ್ವಿಚಾರಕರ ಜತೆಗಿನ ಸಲುಗೆ ಪೂರ್ತಿ ಹೋಗಲ್ಲ. ಮೂರನೇ ಪ್ರಶ್ನೆ ಪಾಸಾದದ್ದು ಇದೊಂದೇ.

ಆದರೆ ನಾಲ್ಕನೆಯದರಲ್ಲಿ ಸೊನ್ನೆ. ಪಟ್ಟಿಯ ನಾಲ್ಕರಲ್ಲಿ ಕಡಿಮೆ ದುಡ್ಡು ಹೋಗೋದು ಈ ಡೆಸ್ಕಿಗೇ. ಸಪೋರ್ಟ್ ಅನ್ನೋದು ಲೈಸೆನ್ಸ್ ಬೆಲೆಯ ಮೇಲೆ ಶೇಕಡಾ ಇಷ್ಟು ಅಂತ ಬಿಲ್‌ನ ಕೊನೇ ಸಾಲು. ಗೊತ್ತಿರೋದೆಲ್ಲ ವಾಟ್ಸಾಪ್‌ನಲ್ಲಿ, ಫೋನ್ ಬದಲಾದರೆ ಅದೂ ಇಲ್ಲ. ವಿಆರ್‌ಐಒ ಭಾಷೆಯಲ್ಲಿ ಇದು ಕೈಯಲ್ಲಿದ್ದೂ ಬಳಸದ ಶಕ್ತಿ. ಉಳಿದ ಮೂರರ ಜತೆ ಹೋಲಿಸಿದರೆ ದುಡ್ಡು ಹಾಕೋಕೆ ಇದೇ ಸರಿಯಾದ ಜಾಗ, ಯಾಕಂದರೆ ನಾಲ್ಕನೇ ಪ್ರಶ್ನೆಯೊಂದೇ ನಮ್ಮ ಕೈಯಲ್ಲಿರೋದು. ಅಪರೂಪವನ್ನು ಬೇಕೆಂದಾಗ ಹುಟ್ಟಿಸೋಕೆ ಆಗಲ್ಲ, ಬಿಲ್ ಬದಲಿಸೋಕೆ ಆಗುತ್ತದೆ.

ಈ ಪರೀಕ್ಷೆಗೆ ಒಂದು ಮಿತಿ ಇದೆ. ಇದು ಇವತ್ತಿನ ಚಿತ್ರ ಮಾತ್ರ. ನಾಳೆ ದೊಡ್ಡ ಖರೀದಿದಾರರು ತಮ್ಮದೇ ಪೋರ್ಟಲ್‌ನಲ್ಲಿ ಹೀಟ್ ವಿವರ ತುಂಬಿ ಅಂತ ಹಟ ಹಿಡಿದು, ಎಲ್ಲ ಫೌಂಡ್ರಿಗೂ ಒಂದೇ ಪದ್ಧತಿ ಬಂದರೆ, ಈ ವಿಚಿತ್ರಗಳನ್ನು ಬಲ್ಲವರಿಗೆ ಬೆಲೆ ಇಳಿಯುತ್ತದೆ. ಯಾರೂ ನಕಲು ಮಾಡದೆಯೂ ಮೇಲುಗೈ ಹೋಗಬಹುದು. ಅದಕ್ಕೆ ಮೊದಲ ಪ್ರಶ್ನೆಯನ್ನು ಪ್ರತಿ ವರ್ಷ ಕೊಟೇಶನ್ ಫೈಲ್ ಮುಂದಿಟ್ಟುಕೊಂಡು ಮತ್ತೆ ಕೇಳಬೇಕು.

ಈಗ ಸಪೋರ್ಟನ್ನು ಲೈಸೆನ್ಸ್‌ನಿಂದ ಬಿಡಿಸಿ, ಡೆಬಿಟ್ ನೋಟ್ ಬಂದಾಗ ಹೀಟ್ ಹುಡುಕಿಕೊಡುವ ಸೇವೆ ಅಂತ ವಾರ್ಷಿಕ ಬೆಲೆಗೆ ಮಾರುತ್ತಿದ್ದೇವೆ. ಎಲ್ಲ ಬರೆದಿಡೋಣವಾ ಅನ್ನೋದರಲ್ಲಿ ಇನ್ನೂ ವಾದ ಇದೆ. ಬರೆದರೆ ಅದು ಕಂಪನಿಯದಾಗುತ್ತದೆ, ಜತೆಗೆ ಒಂದು ಪೆನ್‌ಡ್ರೈವ್‌ನಲ್ಲಿ ಹೊರಗೂ ಹೋಗಬಹುದು. ಸದ್ಯಕ್ಕೆ ರಾತ್ರಿ ಪಾಳಿಯ ತಾರೀಖಿನಂಥ, ಆ ಫೌಂಡ್ರಿಗೆ ಬಿಟ್ಟು ಬೇರೆಲ್ಲೂ ಉಪಯೋಗಕ್ಕೆ ಬಾರದ ವಿಷಯಗಳನ್ನು ಆ ಗ್ರಾಹಕನ ಫೈಲ್‌ನಲ್ಲಿ ಬರೆಯುತ್ತಿದ್ದೇವೆ. ಫೋನಿನಲ್ಲಿ ಮೊದಲು ಯಾವ ಪ್ರಶ್ನೆ ಕೇಳಬೇಕು ಅನ್ನೋದನ್ನು ಮಾತ್ರ ಬರೆಯುತ್ತಿಲ್ಲ, ಅದನ್ನು ಕಲಿಯೋಕೆ ಹೊಸಬರನ್ನು ಹಿರಿಯರ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಿದ್ದೇವೆ.