ಬಚ್ಚಲಿಗೆ ಯಾವ ಸಿಲಿಕೋನ್? ಮೂರು ಬಗೆಯ ಟ್ಯೂಬ್‌ಗಳ ಹೋಲಿಕೆ

ಕಾಸರಗೋಡಿನ ಹಾರ್ಡ್‌ವೇರ್ ಅಂಗಡಿಯಲ್ಲಿ 'ಸಿಲಿಕೋನ್ ಕೊಡಿ' ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಜನರಲ್ ಪರ್ಪಸ್ ಟ್ಯೂಬ್. ಕಿಟಕಿ ಗಾಜಿಗೆ ಅದು ಸಾಕು. ಶವರ್ ಟ್ರೇಯ ಸುತ್ತ ಹಾಕಿದರೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಒಣಗದ ನಮ್ಮ ಊರಲ್ಲಿ, ಮೊದಲ ಮಳೆಗಾಲದಲ್ಲೇ ಅಂಚಿಗೆ ಕಪ್ಪು ಚುಕ್ಕೆ ಹತ್ತುತ್ತದೆ. ಬೂಷ್ಟು ಸಿಲಿಕೋನನ್ನು ತಿನ್ನುವುದಿಲ್ಲ, ಅದರ ಮೇಲೆ ಕೂತ ಸೋಪಿನ ಜಿಡ್ಡನ್ನು ತಿನ್ನುತ್ತದೆ. ಅದನ್ನು ತಡೆಯುವ ಮದ್ದು ಈ ಟ್ಯೂಬಿನಲ್ಲಿ ಇರುವುದಿಲ್ಲ.

ಎರಡನೆಯದು ಸ್ಯಾನಿಟರಿ ಎಂದು ಬರೆದಿರುವ ಅಸಿಟಿಕ್ ಬಗೆ. ಹಾಕುವಾಗ ವಿನೆಗರ್ ವಾಸನೆ ಬರುತ್ತದೆ. ಇದರಲ್ಲಿ ಬೂಷ್ಟು ತಡೆಯುವ ಮದ್ದು ಬೆರೆತಿದೆ. ಸೆರಾಮಿಕ್ ಬೇಸಿನ್, ಹೊಳಪಿನ ಟೈಲ್, ಗಾಜು ಇವಕ್ಕೆ ಬಿಗಿಯಾಗಿ ಹಿಡಿಯುತ್ತದೆ, ಬೆಲೆಯೂ ಹೆಚ್ಚಲ್ಲ. ಆದರೆ ಒಣಗುವಾಗ ಹೊರಬರುವ ಆಮ್ಲ ಮಾರ್ಬಲನ್ನು ಕೊರೆಯುತ್ತದೆ, ಲೋಹದ ಅಂಚಿಗೆ ತುಕ್ಕು ತರಬಹುದು, ಸಿಮೆಂಟಿನ ಮೇಲೆ ನೆಚ್ಚುವಂತಿಲ್ಲ.

ಮೂರನೆಯದು ನ್ಯೂಟ್ರಲ್. ಆಮ್ಲವಿಲ್ಲ, ವಾಸನೆ ಕಡಿಮೆ, ಅಕ್ರಿಲಿಕ್ ಟಬ್ಬಿಗೂ ಲೋಹಕ್ಕೂ ಇದೇ ಸರಿ. ಇಲ್ಲಿ ಒಂದು ಎಚ್ಚರ ಬೇಕು: ನ್ಯೂಟ್ರಲ್ ಎಂದ ಮಾತ್ರಕ್ಕೆ ಬೂಷ್ಟು ತಡೆಯುತ್ತದೆ ಎಂದಲ್ಲ. ಹೊರಗೋಡೆಗೆಂದು ಮಾರುವ ನ್ಯೂಟ್ರಲ್ ಟ್ಯೂಬ್ ಬಚ್ಚಲಲ್ಲಿ ಜನರಲ್ ಪರ್ಪಸ್‌ನಷ್ಟೇ ಬೇಗ ಕಪ್ಪಾಗುತ್ತದೆ. ಯಾವುದಕ್ಕೆ ಅಂಟಬೇಕು ಎಂಬುದು ಒಂದು ಪ್ರಶ್ನೆ, ಬೂಷ್ಟಿನ ಮದ್ದು ಇದೆಯೇ ಎಂಬುದು ಬೇರೆಯೇ ಪ್ರಶ್ನೆ. ಲೇಬಲ್ಲಿನಲ್ಲಿ ಎರಡನ್ನೂ ಓದಬೇಕು. ಮಾರ್ಬಲ್, ಗ್ರಾನೈಟ್ ಕಟ್ಟೆಯ ಬೇಸಿನ್ನಿಗಾದರೆ ಕಲ್ಲಿಗೆ ಕಲೆ ಮಾಡುವುದಿಲ್ಲ ಎಂದು ಬರೆದದ್ದನ್ನೇ ಕೊಳ್ಳಿ. ಇಲ್ಲವಾದರೆ ಎಣ್ಣೆ ಇಳಿದು ಕಲ್ಲಿನ ಅಂಚಿನಲ್ಲಿ ಮಾಸದ ನೆರಳು ಉಳಿಯುತ್ತದೆ.

ನಮ್ಮ ಆಯ್ಕೆ ಹೀಗೆ: ಬರೀ ಸೆರಾಮಿಕ್ ಮತ್ತು ಟೈಲ್ ಇದ್ದಲ್ಲಿ ಸ್ಯಾನಿಟರಿ ಅಸಿಟಿಕ್, ಅಕ್ರಿಲಿಕ್, ಲೋಹ, ಕಲ್ಲು ಎಲ್ಲೇ ಬಂದರೂ ಸ್ಯಾನಿಟರಿ ನ್ಯೂಟ್ರಲ್. ಖರ್ಚಿನ ಲೆಕ್ಕ ಹೆದರಿಸುವಂಥದ್ದಲ್ಲ. ಮೂಲೆಯಲ್ಲಿರುವ 90 ಸೆಂಟಿಮೀಟರ್ ಚೌಕದ ಶವರ್ ಟ್ರೇ ಗೋಡೆಗೆ ತಾಗುವುದು ಎರಡು ಬದಿ, ಅಂದರೆ 180 ಸೆಂಟಿಮೀಟರ್. 6 ಮಿಲಿಮೀಟರ್ ಅಗಲದ ತ್ರಿಕೋನ ಪಟ್ಟಿಗೆ 35 ಮಿಲಿಲೀಟರ್ ಹತ್ತಿರ ಬೇಕು. 280 ಮಿಲಿಲೀಟರ್ ಟ್ಯೂಬ್ ಒಂದರಲ್ಲಿ ಟ್ರೇ, ಟಬ್, ಬೇಸಿನ್ ಮೂರೂ ಮುಗಿಯುತ್ತವೆ. ತೆರೆದ ಟ್ಯೂಬ್ ಮೂತಿಯಲ್ಲೇ ಗಟ್ಟಿಯಾಗುವುದರಿಂದ ಎಲ್ಲವನ್ನೂ ಒಂದೇ ದಿನ ಮಾಡುವುದು ಲೇಸು.

ಒಳ್ಳೆಯ ಟ್ಯೂಬ್ ಕೂಡ ಸೋಲುವುದು ಹೆಚ್ಚಾಗಿ ತಳ ಒದ್ದೆ ಇದ್ದಾಗ. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವದಿಂದಲೇ, ಆದ್ದರಿಂದ ಮಳೆಗಾಲದಲ್ಲಿ ಬೇಗ ಚರ್ಮ ಕಟ್ಟುತ್ತದೆ. ಆದರೆ ಟೈಲಿನ ಸಂದಿಯಲ್ಲಿ ನೀರಿದ್ದರೆ ಅದು ಅಂಟುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮಾಡಿದರೆ ಒಳ್ಳೆಯದು. ಹಳೆಯದನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ, ಹಳೆಯ ಸಿಲಿಕೋನ್ ಮೇಲೆ ಹೊಸದು ನಿಲ್ಲುವುದಿಲ್ಲ. ಸಂದಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಆ ಬಚ್ಚಲನ್ನು ಒಂದು ದಿನ ಬಳಸದೆ ಫ್ಯಾನ್ ಹಾಕಿಡಿ. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಒಂದೇ ಎಳೆತದಲ್ಲಿ ತುಂಬಿ, ಬೆರಳಿನಿಂದ ಒಮ್ಮೆ ನಯ ಮಾಡಿ, ಚರ್ಮ ಕಟ್ಟುವ ಮೊದಲೇ ಟೇಪ್ ಎಳೆಯಿರಿ. ಸೋಪು ನೀರನ್ನು ಮೊದಲೇ ಚಿಮುಕಿಸಿದರೆ ಅದು ಅಂಚಿನಡಿ ಸೇರಿ ಹಿಡಿತ ಕೆಡಿಸುತ್ತದೆ. ಪಟ್ಟಿ ಎಳೆದ ಮೇಲಷ್ಟೇ ಬೆರಳಿಗೆ ತುಸು ಮುಟ್ಟಿಸಿಕೊಳ್ಳಿ.

ಅಕ್ರಿಲಿಕ್ ಟಬ್ ಆದರೆ ಮೊದಲು ನೀರು ತುಂಬಿಸಿ, ಆಮೇಲೆ ಸಿಲಿಕೋನ್ ಹಾಕಿ. ಭಾರಕ್ಕೆ ಟಬ್ ಸ್ವಲ್ಪ ತಗ್ಗುತ್ತದೆ. ಖಾಲಿ ಟಬ್ಬಿಗೆ ಹಾಕಿದ ಪಟ್ಟಿ ಮೊದಲ ಸ್ನಾನಕ್ಕೇ ಎಳೆದು ಬಿರುಕು ಬಿಡುತ್ತದೆ. ಗಟ್ಟಿಯಾಗುವ ವೇಗ ದಿನಕ್ಕೆ ಸುಮಾರು 2–3 ಮಿಲಿಮೀಟರ್ ಆದ್ದರಿಂದ ದಪ್ಪ ಪಟ್ಟಿಗೆ ಎರಡು ಮೂರು ದಿನ ಬಿಡಿ, ಅಷ್ಟರ ತನಕ ಟಬ್ಬಿನ ನೀರನ್ನು ಬಿಡಬೇಡಿ.

ಸ್ಯಾನಿಟರಿ ಬಗೆಯ ಮದ್ದು ಕೂಡ ವರ್ಷಗಳಲ್ಲಿ ತೊಳೆದುಹೋಗುತ್ತದೆ. ಬದಲಿಸಬೇಕೇ ಎಂದು ತಿಳಿಯಲು, ಟಿಶ್ಯೂ ಕಾಗದವನ್ನು ಬ್ಲೀಚಿನಲ್ಲಿ ನೆನೆಸಿ ಕಪ್ಪಾದ ಜಾಗಕ್ಕೆ ಕೆಲವು ಗಂಟೆ ಅಂಟಿಸಿಡಿ. ಕಿಟಕಿ ತೆರೆದಿರಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಅದಕ್ಕೆ ತಾಗಲೇಬಾರದು, ವಿಷಗಾಳಿ ಏಳುತ್ತದೆ. ಬಿಳಿಯಾದರೆ ಬೂಷ್ಟು ಮೇಲ್ಮೈಯಲ್ಲಿತ್ತು, ಪಟ್ಟಿ ಇನ್ನೂ ಬಾಳುತ್ತದೆ. ಕಪ್ಪು ಹಾಗೇ ಉಳಿದರೆ ಅದು ಒಳಗೆ ಅಥವಾ ಹಿಂದೆ ಬೇರೂರಿದೆ, ಉಜ್ಜಿ ಫಲವಿಲ್ಲ. ಅಂಚನ್ನು ಉಗುರಿನಿಂದ ಎತ್ತಿದಾಗ ಬಿಟ್ಟುಕೊಂಡರೆ, ಇಲ್ಲವೇ ಒತ್ತಿದಾಗ ನೀರು ಜಿನುಗಿದರೆ, ಬಣ್ಣ ಎಷ್ಟೇ ಚೆನ್ನಾಗಿದ್ದರೂ ಕಿತ್ತು ಹಾಕಬೇಕು. ಬಿಟ್ಟಷ್ಟು ಜಾಗಕ್ಕೆ ಮಾತ್ರ ತೇಪೆ ಹಾಕಬೇಡಿ. ಮೂಲೆಯಿಂದ ಮೂಲೆಯವರೆಗೆ ಇಡೀ ಬದಿಯನ್ನು ತೆಗೆದು ಹೊಸದಾಗಿ ಹಾಕಿ.